ಅರವತ್ತು ತಿಂಗಳ ಲೆಕ್ಕ

ನಾನು ಹೂಡಿಕೆದಾರರಿಗೆ ಮ್ಯೂಚುವಲ್ ಫಂಡ್‌ಗಳ ವಿಶ್ಲೇಷಣೆ ಬರೆದುಕೊಡುತ್ತೇನೆ. ವಾರಾಂತ್ಯದಲ್ಲಿ ಎಂ.ಕಾಂ. ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಒಮ್ಮೆ ಒಂದು ಷೇರು ಫಂಡ್‌ನ ಐದು ವರ್ಷಗಳ ಮಾಸಿಕ ಎನ್‌ಎವಿಯನ್ನು ತರಗತಿಗೆ ಒಯ್ದು, ‘ಇದು ಸೂಚ್ಯಂಕವನ್ನು ನಿಜಕ್ಕೂ ಮೀರಿಸಿದೆಯೇ?’ ಎಂದು ಕೇಳಿದೆ. ಫಂಡ್ ತಿಂಗಳಿಗೆ ಸರಾಸರಿ ಶೇ 1.25 ಗಳಿಸಿತ್ತು, ಸೂಚ್ಯಂಕ ಶೇ 1.00.

ಹೋಲಿಕೆಗೆ ನಾನು ಬಳಸಿದ್ದು ಲಾಭಾಂಶವನ್ನೂ ಸೇರಿಸಿ ಲೆಕ್ಕ ಹಾಕುವ ಟಿಆರ್‌ಐ ಸೂಚ್ಯಂಕ. 2018ರ ಫೆಬ್ರುವರಿಯಿಂದ ಫಂಡ್‌ಗಳೂ ಇದರೊಡನೆಯೇ ಹೋಲಿಸಿಕೊಳ್ಳಬೇಕೆಂದು ಸೆಬಿ ಕಡ್ಡಾಯ ಮಾಡಿದೆ. ಬರೀ ಬೆಲೆಯ ಸೂಚ್ಯಂಕ ಹಿಡಿದರೆ ಲಾಭಾಂಶದಿಂದ ಬಂದದ್ದೂ ಫಂಡ್ ವ್ಯವಸ್ಥಾಪಕರ ಜಾಣ್ಮೆಯ ಖಾತೆಗೆ ಜಮೆಯಾಗಿಬಿಡುತ್ತದೆ.

ಬಹುತೇಕ ವಿದ್ಯಾರ್ಥಿಗಳು ಎರಡೂ ಸಾಲುಗಳನ್ನು ಸಂಬಂಧವಿಲ್ಲದ ಎರಡು ಗುಂಪುಗಳೆಂದು ಭಾವಿಸಿ ಪರೀಕ್ಷಿಸಿದರು. ಫಂಡ್‌ನ ಮಾನಕ ವಿಚಲನೆ 4.8, ಸೂಚ್ಯಂಕದ್ದು 4.6. ಹಾಗಾಗಿ ವ್ಯತ್ಯಾಸದ ಮಾನಕ ದೋಷ 0.86ರಷ್ಟು ದೊಡ್ಡದಾಯಿತು, ಟಿ-ಮೌಲ್ಯ ಬರೀ 0.29 ಬಂತು. ಆದರೆ ಮಾರುಕಟ್ಟೆ ಕುಸಿದ ತಿಂಗಳು ಎರಡೂ ಒಟ್ಟಿಗೇ ಕುಸಿದಿರುತ್ತವೆ. ಆ ಏರಿಳಿತಕ್ಕೂ ನಮ್ಮ ಪ್ರಶ್ನೆಗೂ ಸಂಬಂಧವಿಲ್ಲ. ಅದಕ್ಕೇ ನಾನು ಮೊದಲು ಪ್ರತಿ ತಿಂಗಳ ಫಂಡ್ ಪ್ರತಿಫಲದಿಂದ ಅದೇ ತಿಂಗಳ ಸೂಚ್ಯಂಕದ ಪ್ರತಿಫಲವನ್ನು ಕಳೆಯುತ್ತೇನೆ. ಉಳಿದ 60 ವ್ಯತ್ಯಾಸಗಳ ಸರಾಸರಿ 0.25, ಮಾನಕ ವಿಚಲನೆ 1.5. ಇದನ್ನು 60ರ ವರ್ಗಮೂಲದಿಂದ ಭಾಗಿಸಿದರೆ ಮಾನಕ ದೋಷ 0.194, ಟಿ-ಮೌಲ್ಯ 1.29. ‘ನಿಜವಾದ ಸರಾಸರಿ ವ್ಯತ್ಯಾಸ ಸೊನ್ನೆ’ ಎಂಬುದು ನಮ್ಮ ಶೂನ್ಯ ಊಹೆ. ಮುಂದಿನ ಕೆಲಸ ಎಕ್ಸೆಲ್‌ನದು:

```
=T.DIST.2T(1.29,59)
=CONFIDENCE.T(0.05,1.5,60)
```

ಮೊದಲ ಸಾಲು ಕೊಡುವ ಪಿ-ಮೌಲ್ಯ ಸುಮಾರು 0.20. ಎರಡನೆಯದು 0.39. ಅದನ್ನು ಸರಾಸರಿಗೆ ಕೂಡಿಸಿ, ಕಳೆದರೆ ಶೇ 95ರ ವಿಶ್ವಾಸ ವ್ಯಾಪ್ತಿ −0.14ರಿಂದ 0.64ರವರೆಗೆ ಹರಡುತ್ತದೆ.

ಇಲ್ಲಿ ಒಬ್ಬ ವಿದ್ಯಾರ್ಥಿನಿ, ‘ಹಾಗಾದರೆ ಫಂಡ್‌ಗೆ ಕೌಶಲ ಇಲ್ಲದಿರುವ ಸಾಧ್ಯತೆ ಶೇ 20’ ಎಂದಳು. ಈ ತಪ್ಪನ್ನು ನಾನು ಪ್ರತಿವರ್ಷವೂ ಕೇಳುತ್ತೇನೆ. ಶೂನ್ಯ ಊಹೆ ನಿಜವೆಂದು ಒಪ್ಪಿಕೊಂಡ ಮೇಲೆಯೇ ಪಿ-ಮೌಲ್ಯದ ಲೆಕ್ಕ ಶುರುವಾಗುತ್ತದೆ. ಕೌಶಲವೇ ಇಲ್ಲದಿದ್ದರೂ ಸೊನ್ನೆಯಿಂದ ಇಷ್ಟು ಅಥವಾ ಇನ್ನೂ ಹೆಚ್ಚು ದೂರದ ಸರಾಸರಿ ಐದರಲ್ಲಿ ಒಂದು ಸಲ ಬರಬಹುದು ಎಂದಷ್ಟೇ ಅದು ಹೇಳುತ್ತದೆ. ಕೌಶಲ ಇದೆಯೋ ಇಲ್ಲವೋ ಎಂಬುದರ ಸಾಧ್ಯತೆಯನ್ನು ಅದರಿಂದ ಓದಲಾಗದು. ‘0.05ಕ್ಕಿಂತ ಹೆಚ್ಚಿದೆ, ಆದ್ದರಿಂದ ವ್ಯತ್ಯಾಸ ಸೊನ್ನೆ ಎಂದು ಸಾಬೀತಾಯಿತು’ ಎನ್ನುವುದೂ ತಪ್ಪೇ. ವಿಶ್ವಾಸ ವ್ಯಾಪ್ತಿಯೊಳಗೆ ಸೊನ್ನೆ ಇರುವಂತೆ 0.5 ಕೂಡ ಇದೆ. ಎಂದರೆ ವರ್ಷಕ್ಕೆ ಶೇ 6ರಷ್ಟು ಹೆಚ್ಚುವರಿ ಗಳಿಕೆಯನ್ನೂ ಈ ದತ್ತಾಂಶ ತಳ್ಳಿಹಾಕುವುದಿಲ್ಲ. ಇನ್ನು ಆ ವ್ಯಾಪ್ತಿ ಸರಾಸರಿಯ ಬಗ್ಗೆ ಮಾತ್ರ. ಶೇ 95ರಷ್ಟು ತಿಂಗಳುಗಳ ವ್ಯತ್ಯಾಸ ಅದರೊಳಗೆ ಬೀಳುತ್ತದೆಂದು ತಿಳಿಯಬಾರದು. ಬಿಡಿ ತಿಂಗಳುಗಳು 1.5ರ ವಿಚಲನೆಯಲ್ಲಿ ಅದಕ್ಕಿಂತ ಎಷ್ಟೋ ಆಚೆಗೆ ಓಡಾಡುತ್ತಿರುತ್ತವೆ.

ನನ್ನನ್ನು ನಿಜವಾಗಿ ಕಾಡಿದ್ದು ಇನ್ನೊಬ್ಬನ ಉತ್ತರ. ಅವನ ಪಿ-ಮೌಲ್ಯ 0.0002! ಅವನು ಒಂದೊಂದು ತಿಂಗಳು ಮುಂದೆ ಸರಿಯುತ್ತ ಒಂದು ವರ್ಷದ ‘ರೋಲಿಂಗ್’ ಪ್ರತಿಫಲಗಳನ್ನು ತೆಗೆದಿದ್ದ. 60 ತಿಂಗಳಿಗೆ ಅಂಥ 49 ಸಂಖ್ಯೆಗಳು ಸಿಗುತ್ತವೆ. ಸರಾಸರಿ ವ್ಯತ್ಯಾಸ ಶೇ 3, ವಿಚಲನೆ 5.2. ಅದನ್ನು 49ರ ವರ್ಗಮೂಲವಾದ 7ರಿಂದ ಭಾಗಿಸಿ, ಟಿ-ಮೌಲ್ಯ 4 ಎಂದು ಸಂಭ್ರಮಿಸಿದ್ದ. ಅಂಕಗಣಿತದಲ್ಲಿ ತಪ್ಪಿಲ್ಲ. ಆದರೆ ಅಕ್ಕಪಕ್ಕದ ಎರಡು ಸಂಖ್ಯೆಗಳಲ್ಲಿ ಹನ್ನೊಂದು ತಿಂಗಳುಗಳು ಅವೇ. ಒಂದರ ಮೇಲೊಂದು ಬೀಳದ ವರ್ಷಗಳು ಅವನ ಬಳಿ ಇದ್ದದ್ದು ಐದೇ. 49ರ ಜಾಗದಲ್ಲಿ 5 ಇಟ್ಟು ನೋಡಲು ಹೇಳಿದೆ. ಟಿ-ಮೌಲ್ಯ 1.29ಕ್ಕೇ ಮರಳಿತು. ಅವನು ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದ. ರೋಲಿಂಗ್ ಪ್ರತಿಫಲ ನೋಡಲು ಒಳ್ಳೆಯದು, ಈ ಟಿ-ಪರೀಕ್ಷೆಗೆ ಹಾಗೆಯೇ ತುಂಬಿಸಲು ಅಲ್ಲ.

ಕೊನೆಗೆ ಅವನೇ ಕೇಳಿದ: ‘ಸರ್, ಎಷ್ಟು ತಿಂಗಳಿದ್ದರೆ ಸಾಕು?’ ಸರಾಸರಿ, ವಿಚಲನೆ ಹೀಗೆಯೇ ಉಳಿದು ಟಿ-ಮೌಲ್ಯ 2 ಮುಟ್ಟಬೇಕಾದರೆ 2×1.5÷0.25, ಅಂದರೆ 12ರ ವರ್ಗ: 144 ತಿಂಗಳು, ಹನ್ನೆರಡು ವರ್ಷ. ನಿಜವಾದ ಕೌಶಲ ಅಷ್ಟೇ ಇದ್ದರೂ ಆಗಲೂ ಪರೀಕ್ಷೆ ಅದನ್ನು ಹಿಡಿಯುವ ಸಾಧ್ಯತೆ ಅರ್ಧದಷ್ಟು ಮಾತ್ರ. ಅಂದಿನಿಂದ ನನ್ನ ವರದಿಗಳಲ್ಲಿ ಸರಾಸರಿಯ ಪಕ್ಕದಲ್ಲೇ ವಿಶ್ವಾಸ ವ್ಯಾಪ್ತಿಯನ್ನೂ, ಆ ಅವಧಿಯಲ್ಲಿ ಫಂಡ್ ವ್ಯವಸ್ಥಾಪಕರು ಎಷ್ಟು ಸಲ ಬದಲಾದರು ಎಂಬುದನ್ನೂ ಬರೆಯುತ್ತಿದ್ದೇನೆ.