ಪ್ರೋಬ್ ಹಾಕಿದಾಗ ಮಾತ್ರ ಸರಿಯಾಗುತ್ತಿದ್ದ ಯಂತ್ರ

ಆಟಿ ತಿಂಗಳ ಒಂದು ಬೆಳಿಗ್ಗೆ ಬೈಕಂಪಾಡಿಯ ಗೇರುಬೀಜ ಪ್ಯಾಕಿಂಗ್ ಘಟಕವೊಂದರಿಂದ ಕರೆ ಬಂತು. ಪೌಚ್‌ಗಳು ಇದ್ದಕ್ಕಿದ್ದಂತೆ ಕೆಲವು ಮಿಲಿಮೀಟರ್ ಗಿಡ್ಡವಾಗಿ, ಅಚ್ಚಾದ ಚಿತ್ರದ ಮೇಲೆಯೇ ಕತ್ತರಿ ಬೀಳುತ್ತಿತ್ತು. ಮೋಟಾರಿನ ಶಾಫ್ಟ್‌ಗೆ ಜೋಡಿಸಿದ ಎನ್‌ಕೋಡರ್ ಒಂದು ಸುತ್ತಿಗೆ 1000 ಪಲ್ಸ್ ಕೊಡುತ್ತದೆ. ನಿಯಂತ್ರಣ ಬೋರ್ಡ್ ಅವುಗಳನ್ನು ಎಣಿಸಿ, ಲೆಕ್ಕ ತುಂಬಿದೊಡನೆ ಫಿಲ್ಮನ್ನು ಕತ್ತರಿಸುತ್ತದೆ. ಆದ್ದರಿಂದ ಗಿಡ್ಡ ಪೌಚ್ ಎಂದರೆ ಎಲ್ಲಿಂದಲೋ ಹೆಚ್ಚುವರಿ ಪಲ್ಸ್ ನುಸುಳುತ್ತಿರಬಹುದು ಎಂದು ಅರ್ಥ. ಮಳೆಗಾಲದ ತೇವವೇ ಕಾರಣವಿರಬೇಕೆಂದು ಮೊದಲು ಬೋರ್ಡನ್ನು ತೊಳೆದು ಒಣಗಿಸಿದೆ. ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಎನ್‌ಕೋಡರಿನ 24 ವೋಲ್ಟ್ ಚೌಕ ತರಂಗವನ್ನು ಸುಮಾರು 5 ವೋಲ್ಟಿಗೆ ಇಳಿಸಲು ಬೋರ್ಡಿನಲ್ಲಿ 390 ಕಿಲೋ ಓಮ್ ಮತ್ತು 100 ಕಿಲೋ ಓಮ್ ರೆಸಿಸ್ಟರುಗಳ ಜೋಡಿ ಇತ್ತು. ಅವೆರಡೂ ಸೇರುವ ಬಿಂದುವಿನಿಂದ ಮೈಕ್ರೊಕಂಟ್ರೋಲರಿಗೆ ಸಂಕೇತ ಹೋಗುತ್ತದೆ. ಆ ಬಿಂದುವಿನಿಂದ ಹಿಂದಕ್ಕೆ ನೋಡಿದರೆ ಕಾಣುವ ಪ್ರತಿರೋಧ ಸುಮಾರು 80 ಕಿಲೋ ಓಮ್. ಈ ಒಂದು ಸಂಖ್ಯೆಯನ್ನು ನಾನು ಮೊದಲೇ ಲೆಕ್ಕ ಹಾಕಿಕೊಂಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಮೋಟಾರು 1500 ಆರ್‌ಪಿಎಮ್‌ನಲ್ಲಿ ತಿರುಗುವಾಗ ಪಲ್ಸ್‌ಗಳ ಆವರ್ತನ 25 ಕಿಲೋಹರ್ಟ್ಸ್; ಅಂದರೆ ತರಂಗದ ಪ್ರತಿ ಅರ್ಧಕ್ಕೆ 20 ಮೈಕ್ರೊಸೆಕೆಂಡ್. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪ್ರೋಬನ್ನು ಆ ಬಿಂದುವಿಗೆ ಹಿಡಿದಾಗ ಅದರ ಪರದೆಯ ಮೇಲೆ ಚೌಕ ತರಂಗದ ಬದಲು ಮೀನಿನ ಬೆನ್ನಿನ ಈಜುರೆಕ್ಕೆಯಂಥ ಆಕೃತಿ ಮೂಡಿತು. ನೋಡಿದರೆ ಪ್ರೋಬಿನ ಸ್ವಿಚ್, ಸಂಕೇತವನ್ನು ಇಳಿಸದೆ ಹಾಗೆಯೇ ಒಯ್ಯುವ 1X ಸ್ಥಾನದಲ್ಲಿತ್ತು. ಆ ಸ್ಥಾನದಲ್ಲಿ ಕೇಬಲಿನ ಮತ್ತು ಸ್ಕೋಪಿನ ಇಡೀ ಕೆಪಾಸಿಟನ್ಸ್, ಸುಮಾರು 100 ಪಿಕೊಫ್ಯಾರಡ್, ನೇರವಾಗಿ ಬಿಂದುವಿನ ಮೇಲೆ ಬೀಳುತ್ತದೆ. 80 ಕಿಲೋ ಓಮ್ ಮೂಲಕ ಅದು ತುಂಬಿ ಬರಿದಾಗುವ ಕಾಲಾಂಕವೇ ಸುಮಾರು 8 ಮೈಕ್ರೊಸೆಕೆಂಡ್ ಆಗುವುದರಿಂದ, 20 ಮೈಕ್ರೊಸೆಕೆಂಡಿನೊಳಗೆ ತರಂಗ ಪೂರ್ತಿ ಮೇಲೇರುವ ಮೊದಲೇ ಇಳಿಯುವ ಹೊತ್ತಾಗಿರುತ್ತದೆ.

ಸಂಕೇತವನ್ನು ಹತ್ತನೇ ಒಂದಕ್ಕೆ ಇಳಿಸುವ 10Xಗೆ ಬದಲಾಯಿಸಿದ ಮೇಲೆ ಆಕಾರ ಬಹಳ ಸುಧಾರಿಸಿತಾದರೂ ಮೂಲೆಗಳು ಇನ್ನೂ ದುಂಡಗಿದ್ದವು. ಇಲ್ಲಿಯೇ ನಾನು ತಪ್ಪು ಮಾಡಿದ್ದು. ಮೂಲೆ ದುಂಡಗಿದ್ದರೆ ಪ್ರೋಬಿನ ಕಾಂಪೆನ್ಸೇಶನ್ ತಪ್ಪಿದೆ ಎಂಬ ಪಾಠ ತಲೆಯಲ್ಲಿ ಕೂತಿದ್ದುದರಿಂದ, ಪ್ರೋಬನ್ನು ಬೋರ್ಡಿನ ಮೇಲೆಯೇ ಇಟ್ಟುಕೊಂಡು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ಟ್ರಿಮ್ಮರನ್ನು ತಿರುಗಿಸಿದೆ. ಮೂಲೆ ಹೆಚ್ಚೇನೂ ಚೂಪಾಗಲಿಲ್ಲ, ಆದರೆ ತರಂಗದ ಎತ್ತರ ಐದೂವರೆ ವೋಲ್ಟಿನವರೆಗೆ ಬೆಳೆಯಿತು. 24 ವೋಲ್ಟನ್ನು ಆ ರೆಸಿಸ್ಟರುಗಳಿಂದ ಭಾಗಿಸಿದರೆ 4.9 ವೋಲ್ಟಿಗಿಂತ ಹೆಚ್ಚು ಬರಲು ಸಾಧ್ಯವೇ ಇಲ್ಲವೆಂಬುದು ಆಗ ಹೊಳೆಯಲಿಲ್ಲ.

ಹೀಗಾಗಲು ಕಾರಣವಿದೆ. 10X ಪ್ರೋಬಿನೊಳಗಿನ 9 ಮೆಗಾ ಓಮ್ ರೆಸಿಸ್ಟರು ಮತ್ತು ಅದರ ಪಕ್ಕದ ಸಣ್ಣ ಕೆಪಾಸಿಟರು, ಸ್ಕೋಪಿನ 1 ಮೆಗಾ ಓಮ್ ಮತ್ತು ಅದರೊಂದಿಗಿರುವ ಕೆಪಾಸಿಟನ್ಸ್, ಇವೆರಡು ಜೋಡಿಗಳ ಕಾಲಾಂಕಗಳನ್ನು ಸರಿಸಮ ಮಾಡುವುದಷ್ಟೇ ಕಾಂಪೆನ್ಸೇಶನ್. ಅದು ತಪ್ಪಿದಾಗ ಉಂಟಾಗುವ ವಕ್ರತೆ ಸರಿಹೋಗಲು ಸುಮಾರು 100 ಮೈಕ್ರೊಸೆಕೆಂಡ್ ಬೇಕು. ಸ್ಕೋಪಿನ ಮುಂಭಾಗದ 1 ಕಿಲೋಹರ್ಟ್ಸ್ ತರಂಗದಲ್ಲಿ ಅರ್ಧ ಆವರ್ತ 500 ಮೈಕ್ರೊಸೆಕೆಂಡ್ ಇರುವುದರಿಂದ ಅದು ಮೂಲೆಯ ಕೊಂಬಾಗಿಯೋ ಸವೆತವಾಗಿಯೋ ಚೆನ್ನಾಗಿ ಕಾಣುತ್ತದೆ. 25 ಕಿಲೋಹರ್ಟ್ಸಿನಲ್ಲಿ ಅಷ್ಟು ಸಮಯವೇ ಸಿಗದು. ಅಲ್ಲಿ ಅದೇ ದೋಷ ಬಹುಪಾಲು ಎತ್ತರದ ಸುಳ್ಳಾಗಿ ತೋರುತ್ತದೆ, ತರಂಗ ಮಾತ್ರ ನೋಡಲು ಸಭ್ಯವಾಗಿಯೇ ಇರುತ್ತದೆ. ನನ್ನ ಕಣ್ಣ ಮುಂದಿದ್ದ ದುಂಡು ಮೂಲೆಯಾದರೋ ಪ್ರೋಬಿನ ತುದಿಯ 15 ಪಿಕೊಫ್ಯಾರಡ್ ಆ 80 ಕಿಲೋ ಓಮಿನ ಮೇಲೆ ಹೇರಿದ ಭಾರ. ಪ್ರೋಬಿನ ಟ್ರಿಮ್ಮರನ್ನು ಎಷ್ಟು ತಿರುಗಿಸಿದರೂ ಬೋರ್ಡಿನ ಮೇಲಿನ ಆ ಭಾರ ಇಳಿಯುವುದಿಲ್ಲ.

ಇದನ್ನೆಲ್ಲ ಯೋಚಿಸುವಂತೆ ಮಾಡಿದ್ದು ಯಂತ್ರ ನಡೆಸುವ ಹುಡುಗ. ಎರಡು ಮೂರು ಬಾರಿ ಗಮನಿಸಿ ಅವನೆಂದ: "ಸರ್, ನೀವು ಅದನ್ನು ಸಿಕ್ಕಿಸಿದ್ರೆ ಅಳತೆ ಸರಿ ಉಂಟು, ತೆಗೆದ ಕೂಡಲೇ ಪುನಃ ಗಿಡ್ಡ ಆಗ್ತದೆ ಮಾರಾಯ್ರೆ." ಪರೀಕ್ಷಿಸಿದಾಗ ಅವನ ಮಾತು ನಿಜವಾಗಿತ್ತು. ಅಂದರೆ ನಾನು ಬೆಳಿಗ್ಗೆಯಿಂದ ನೋಡುತ್ತಿದ್ದುದು ದೋಷವಿಲ್ಲದ ಯಂತ್ರವನ್ನು.

ಮೊದಲಿಗೆ ಎರಡೂ ಪ್ರೋಬುಗಳನ್ನು ಅವು ಕೂರುವ ಚಾನೆಲ್‌ಗಳಿಗೇ ಹಾಕಿ, ಸ್ಕೋಪಿನ 1 ಕಿಲೋಹರ್ಟ್ಸ್ ಕೊಕ್ಕೆಯಲ್ಲಿ ತರಂಗದ ತಲೆ ಸಮತಟ್ಟಾಗುವಂತೆ ಹೊಂದಿಸಿದೆ. ಚಾನೆಲಿನಿಂದ ಚಾನೆಲಿಗೆ ಒಳಗಿನ ಕೆಪಾಸಿಟನ್ಸ್ ಸ್ವಲ್ಪ ಬೇರೆಯಿರುವುದರಿಂದ ಪ್ರೋಬನ್ನು ಅದಲುಬದಲು ಮಾಡಿದರೆ ಈ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಬಳಿಕ ಬೋರ್ಡಿನ ಬಿಂದುವಿನಲ್ಲಿ ಒಂದೇ ಪ್ರೋಬ್ ಇಟ್ಟು, ತರಂಗ ಶೇ. 10ರಿಂದ ಶೇ. 90ಕ್ಕೆ ಏರುವ ಸಮಯವನ್ನು ಅಳೆದೆ: 4.4 ಮೈಕ್ರೊಸೆಕೆಂಡ್. ಅದೇ ಬಗೆಯ ಎರಡನೇ ಪ್ರೋಬನ್ನೂ ಅಲ್ಲಿಗೇ ಸಿಕ್ಕಿಸಿದಾಗ ಅದು 7 ಆಯಿತು. ಒಂದು ಪ್ರೋಬ್ 2.6 ಮೈಕ್ರೊಸೆಕೆಂಡ್ ಸೇರಿಸುತ್ತದೆಂದ ಮೇಲೆ, ಪ್ರೋಬೇ ಇಲ್ಲದಾಗ ಏರಿಕೆಯ ಸಮಯ 1.8 ಇರಲೇಬೇಕು. ಏರಿಕೆಯ ಸಮಯ ಪ್ರತಿರೋಧ ಮತ್ತು ಕೆಪಾಸಿಟನ್ಸಿನ ಗುಣಲಬ್ಧದ 2.2 ಪಟ್ಟು, ಆ ಲೆಕ್ಕದಲ್ಲಿ ಬಿಂದುವಿನ ಸ್ವಂತ ಕೆಪಾಸಿಟನ್ಸ್ ಸುಮಾರು 10, ಪ್ರೋಬಿನದು 15 ಪಿಕೊಫ್ಯಾರಡ್. ಏರಿಕೆ ಇಂಥ ಸರಳ ಆರ್‌ಸಿ ವಕ್ರರೇಖೆಯಾಗಿದ್ದಾಗ ಮಾತ್ರ ಈ ಉಪಾಯ ಸಲ್ಲುತ್ತದೆ. ಆಂದೋಲಕದ ಬಿಂದುವಿನಲ್ಲಿ ಪ್ರೋಬ್ ಆವರ್ತನವನ್ನೇ ಬದಲಿಸಿಬಿಡುವುದರಿಂದ ಅಲ್ಲಿ ಇದನ್ನು ನಂಬಲಾಗದು.

ಇನ್ನು ಹೆಚ್ಚುವರಿ ಪಲ್ಸ್‌ಗಳ ಮೂಲ. ಮೋಟಾರನ್ನು ತೀರ ನಿಧಾನಕ್ಕೆ ಇಳಿಸಿ, ಎನ್‌ಕೋಡರ್ ಕೆಳಮಟ್ಟದಲ್ಲಿರುವ ಹೊತ್ತಿನಲ್ಲಿ 1 ವೋಲ್ಟಿಗೆ ಸಿಂಗಲ್ ಟ್ರಿಗರ್ ಇಟ್ಟಾಗ ಒಂದೊಂದೇ ಮೊನೆ ಸಿಕ್ಕಿತು: 1.3 ವೋಲ್ಟ್ ಎತ್ತರ, ಏರಿಕೆ ತಟ್ಟನೆ, ಇಳಿಕೆ ನಿಧಾನ. ಮೋಟಾರಿನ ವೇಗವನ್ನು ನಿಯಂತ್ರಿಸುವ ವಿಎಫ್‌ಡಿ ಸ್ವಿಚ್ ಆಗುವ ಪ್ರತಿ ಕ್ಷಣಕ್ಕೂ ಅದು ತಾಳೆಯಾಗುತ್ತಿತ್ತು. ವಿಎಫ್‌ಡಿಯ ವಯರು ಬೋರ್ಡಿನ ಅಂಚಿಗೆ ಒರಗಿಕೊಂಡೇ ಹಾದುಹೋಗಿತ್ತು. ಇಂಥ ವೇಗದ ಜಿಗಿತ ಗಾಳಿಯ ಕೆಪಾಸಿಟನ್ಸಿನ ಮೂಲಕ ಬಂದಾಗ, ಮೊನೆಯ ಎತ್ತರ ಬಿಂದುವಿನ ಕೆಪಾಸಿಟನ್ಸ್ ಹೆಚ್ಚಿದಷ್ಟೂ ತಗ್ಗುತ್ತದೆ. ಪ್ರೋಬ್ ಇದ್ದಾಗ 25 ಪಿಕೊಫ್ಯಾರಡ್, ತೆಗೆದರೆ 10. ಹಾಗಾದರೆ ಪ್ರೋಬಿಲ್ಲದ ಮೊನೆ ಎರಡೂವರೆ ಪಟ್ಟು, ಅಂದರೆ 3.2 ವೋಲ್ಟಿನ ಆಸುಪಾಸು. ಮೈಕ್ರೊಕಂಟ್ರೋಲರು ಎರಡೂವರೆ ವೋಲ್ಟಿನ ಸುಮಾರಿಗೆ ಪಲ್ಸನ್ನು ಎಣಿಸುತ್ತದೆ. 1.3 ಅದಕ್ಕಿಂತ ಕೆಳಗೆ, 3.2 ಅದಕ್ಕಿಂತ ಮೇಲೆ.

ವಯರನ್ನು ಬೇರೆ ದಾರಿಯಿಂದ ಒಯ್ದೆ. ಅಷ್ಟನ್ನೇ ನೆಚ್ಚದೆ ರೆಸಿಸ್ಟರುಗಳನ್ನು 39 ಮತ್ತು 10 ಕಿಲೋ ಓಮಿಗೆ ಬದಲಿಸಿ, ಬಿಂದುವಿನಿಂದ ಬೋರ್ಡಿನ ಗ್ರೌಂಡಿಗೆ 100 ಪಿಕೊಫ್ಯಾರಡ್ ಸೆರಾಮಿಕ್ ಕೆಪಾಸಿಟರನ್ನು ಬೆಸೆದೆ. ಎನ್‌ಕೋಡರಿಗೆ ಇದರಿಂದ ಬೀಳುವ ಹೊರೆ ಅರ್ಧ ಮಿಲಿಆಂಪಿಯರ್ ಮಾತ್ರ. ಏರಿಕೆಯ ಸಮಯ ಹೆಚ್ಚುಕಡಿಮೆ ಪ್ರೋಬಿಲ್ಲದ ಹಳೆಯ ಸ್ಥಿತಿಯಷ್ಟೇ ಉಳಿಯಿತು. ಈಗ ಪ್ರೋಬ್ ಸಿಕ್ಕಿಸಿದರೆ ಅದು ಶೇ. 14ರಷ್ಟು ಮಾತ್ರ ಬದಲಾಗುತ್ತದೆ. ಪೌಚ್‌ಗಳ ಉದ್ದವನ್ನು ಮಾತ್ರ ಪ್ರೋಬುಗಳನ್ನು ಕಳಚಿ ಚೀಲಕ್ಕೆ ಸೇರಿಸಿದ ಮೇಲೆಯೇ ಅಳೆದೆವು, ಹುಡುಗ ಸ್ಕೇಲು ಹಿಡಿದ, ನಾನು ಬರೆದುಕೊಂಡೆ. ಆ ಪಾಳಿ ಮುಗಿಯುವವರೆಗೆ ಒಂದೂ ಗಿಡ್ಡ ಪೌಚ್ ಬರಲಿಲ್ಲ.