ಜಿಪಿಎಸ್‌ನಲ್ಲಿ ಸಾಪೇಕ್ಷತೆ ಎಲ್ಲಿ ಕಾಣಿಸುತ್ತದೆ: ಕಲಬುರಗಿಯ ಮಾಳಿಗೆ ಮೇಲೆ ನಾನು ಮಾಡಿ ನೋಡಿದ್ದು

ಐನ್‌ಸ್ಟೈನ್ ಲೆಕ್ಕ ಸೇರಿಸದಿದ್ದರೆ ಜಿಪಿಎಸ್ ದಿನಕ್ಕೆ 11 ಕಿಲೋಮೀಟರ್ ತಪ್ಪು ತೋರಿಸುತ್ತದೆ ಅಂತ ನೀವೂ ಎಲ್ಲೋ ಓದಿರುತ್ತೀರಿ. ನಾನು ಕಲಬುರಗಿಯಲ್ಲಿ ಜಮೀನು ಸರ್ವೆ ಮಾಡುವವನು. ಯಾದಗಿರಿ, ಶಹಾಪುರ, ಸೇಡಂ ಕಡೆಯೆಲ್ಲ ರಿಸೀವರ್ ಹೊತ್ತುಕೊಂಡು ಓಡಾಡಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಒಂದು ದಿನ ಕೇಳಿದ, "ಸರ್, ಈ 11 ಕಿಲೋಮೀಟರ್ ಖರೇನಾ? ಖರೇ ಇದ್ರ ತೋರಸ್ರಿ." ತೋರಿಸಲೇಬೇಕು ಅನ್ನಿಸಿತು. ರಿಸೀವರಿನ ಸಾಫ್ಟ್‌ವೇರ್ ಒಳಗೆ ಏನು ಮಾಡುತ್ತದೆ ಅಂತ ಕಾಣುವುದಿಲ್ಲ. ಹಾಗಾಗಿ ಕಚ್ಚಾ ಡೇಟಾ ತೆಗೆದು ಸ್ಥಾನ ಲೆಕ್ಕ ಹಾಕುವ ಪ್ರೋಗ್ರಾಂ ನಾನೇ ಪೈಥಾನ್‌ನಲ್ಲಿ ಬರೆದೆ. ಒಂದೊಂದೇ ತಿದ್ದುಪಡಿ ಆಫ್ ಮಾಡಿ ನೋಡಿದೆ.

ಆ 11 ಕಿಲೋಮೀಟರ್ ಬರುವುದು ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುವುದರಿಂದ. ಮೊದಲು ಆ 38 ಮೈಕ್ರೊಸೆಕೆಂಡ್ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಜಿಪಿಎಸ್ ಉಪಗ್ರಹ ನೆಲದಿಂದ ಸುಮಾರು 20,200 ಕಿಲೋಮೀಟರ್ ಮೇಲಿದೆ. ಸೆಕೆಂಡಿಗೆ ಸುಮಾರು 3.9 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ವೇಗದಿಂದಾಗಿ ಅದರ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡ್ ನಿಧಾನವಾಗುತ್ತದೆ. ಅಷ್ಟು ಎತ್ತರದಲ್ಲಿ ಭೂಮಿಯ ಗುರುತ್ವ ಕಡಿಮೆ, ಅದರಿಂದ ದಿನಕ್ಕೆ 45ಕ್ಕಿಂತ ಸ್ವಲ್ಪ ಜಾಸ್ತಿ ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಕಳೆದರೆ 38ರ ಆಸುಪಾಸು ಮುಂದೆ. ಬೆಳಕು ಅಷ್ಟು ಹೊತ್ತಿನಲ್ಲಿ 11 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ. ಇಲ್ಲಿಯವರೆಗೆ ಲೆಕ್ಕ ಸರಿಯಾಗೇ ಇದೆ. ಆದರೆ ಇದರಿಂದ ನಿಮ್ಮ ಸ್ಥಾನವೂ 11 ಕಿಲೋಮೀಟರ್ ಆಚೆ ಹೋಗುತ್ತದೆ ಅನ್ನುವುದು ಸರಿಯಲ್ಲ.

ಮನೆಯ ಮಾಳಿಗೆ ಮೇಲೆ ಒಂದು ಗುರುತಿನ ಬಿಂದು ಮಾಡಿಕೊಂಡಿದ್ದೇನೆ. ಒಂದೇ ಜಾಗದಲ್ಲಿ ನಿಂತು ಸದಾ ಡೇಟಾ ತೆಗೆಯುವ, ಸರ್ವೆ ಆಫ್ ಇಂಡಿಯಾದ ಕಾರ್ಸ್ ಸ್ಟೇಷನ್‌ಗಳ ಡೇಟಾ ಜೊತೆ ಸೇರಿಸಿ ಅದರ ಸ್ಥಾನ ಸೆಂಟಿಮೀಟರ್ ಮಟ್ಟದಲ್ಲಿ ಗೊತ್ತಿದೆ, ಹಾಗಾಗಿ ತಪ್ಪು ಎಷ್ಟು ಅಂತ ನೇರವಾಗಿ ಅಳೆಯಬಹುದು. ಅಲ್ಲಿ ಆಂಟೆನಾ ಇಟ್ಟು ಹಗಲು ರಾತ್ರಿ ಡೇಟಾ ತೆಗೆದೆ. ಪ್ರೋಗ್ರಾಂನಲ್ಲಿ ಎಲ್ಲ ಉಪಗ್ರಹಗಳ ದೂರಕ್ಕೂ 38 ಮೈಕ್ರೊಸೆಕೆಂಡ್ ಸೇರಿಸಿದೆ, ಅಂದರೆ ಪ್ರತಿಯೊಂದಕ್ಕೂ 11.4 ಕಿಲೋಮೀಟರ್. ಸ್ಥಾನ ಕದಲಿದ್ದು ಕೆಲವೇ ಸೆಂಟಿಮೀಟರ್.

ಕಾರಣ ಹೀಗಿದೆ. ರಿಸೀವರ್ ಹುಡುಕುವುದು ಮೂರು ಸಂಖ್ಯೆಗಳನ್ನಲ್ಲ, ನಾಲ್ಕನ್ನು. x, y, z ಜೊತೆಗೆ ತನ್ನದೇ ಗಡಿಯಾರದ ತಪ್ಪನ್ನೂ ಹುಡುಕುತ್ತದೆ, ಯಾಕೆಂದರೆ ರಿಸೀವರ್ ಒಳಗಿರುವುದು ಅಗ್ಗದ ಕ್ವಾರ್ಟ್ಜ್ ಗಡಿಯಾರ. ಎಲ್ಲ ಉಪಗ್ರಹಗಳಿಗೂ ಸಮನಾಗಿ ಬರುವ ತಪ್ಪು ಪೂರ್ತಿಯಾಗಿ ಆ ನಾಲ್ಕನೆಯ ಸಂಖ್ಯೆಗೆ ಹೋಗಿ ಸೇರುತ್ತದೆ. ನಮ್ಮ ಗಂಜ್‌ನಲ್ಲಿ ತಕ್ಕಡಿ ಎಲ್ಲರ ತೊಗರಿ ಚೀಲಕ್ಕೂ ಎರಡೆರಡು ಕಿಲೋ ಜಾಸ್ತಿ ತೋರಿಸಿದರೆ, ಯಾರ ಚೀಲ ಯಾರದಕ್ಕಿಂತ ಎಷ್ಟು ಭಾರ ಅನ್ನುವುದು ಬದಲಾಗುವುದಿಲ್ಲ ಅಲ್ವಾ, ಹಾಗೆ. ಉಳಿದ ಆ ಕೆಲವು ಸೆಂಟಿಮೀಟರ್ ಯಾಕೆ ಬಂತು ಅಂದರೆ, ಸಮಯ 38 ಮೈಕ್ರೊಸೆಕೆಂಡ್ ತಪ್ಪಾದಾಗ ಉಪಗ್ರಹ ತನ್ನ ದಾರಿಯಲ್ಲಿ ಸುಮಾರು 15 ಸೆಂಟಿಮೀಟರ್ ಬೇರೆ ಕಡೆ ಇದೆ ಅಂತ ಲೆಕ್ಕ ಬರುತ್ತದೆ.

ಹಾಗಾದರೆ ಆ ತಿದ್ದುಪಡಿ ಬೇಡವೇ? ಖಂಡಿತ ಬೇಕು, ಆದರೆ ಕಾರಣ ಬೇರೆ. ಪ್ರತಿ ಉಪಗ್ರಹವೂ ತನ್ನ ಗಡಿಯಾರ ಎಷ್ಟು ತಪ್ಪಿದೆ ಅಂತ `af0`, `af1`, `af2` ಅನ್ನುವ ಸಂಖ್ಯೆಗಳಲ್ಲಿ ಹೇಳುತ್ತದೆ. ಜಿಪಿಎಸ್‌ನ ಹಳೆಯ ಸಂದೇಶದಲ್ಲಿ `af0`ಗೆ 22 ಬಿಟ್ ಮಾತ್ರ ಜಾಗವಿದೆ, ಒಂದು ಮಿಲಿಸೆಕೆಂಡಿಗಿಂತ ದೊಡ್ಡ ತಪ್ಪು ಅದರಲ್ಲಿ ಹಿಡಿಸುವುದಿಲ್ಲ. ದಿನಕ್ಕೆ 38 ಮೈಕ್ರೊಸೆಕೆಂಡ್ ಸೇರುತ್ತಾ ಹೋದರೆ 25 ದಿನಗಳಲ್ಲಿ ಆ ಜಾಗ ತುಂಬಿಬಿಡುತ್ತದೆ. ಅದಕ್ಕೇ ನೆಲದಲ್ಲಿರುವಾಗಲೇ ಗಡಿಯಾರವನ್ನು ಸ್ವಲ್ಪ ನಿಧಾನ ಮಾಡಿ ಕಳಿಸುತ್ತಾರೆ, 10.23 ಮೆಗಾಹರ್ಟ್ಸ್ ಬದಲು 10.22999999543 ಮೆಗಾಹರ್ಟ್ಸ್. ಮೇಲೆ ಹೋದ ಮೇಲೆ ನಮ್ಮ ಲೆಕ್ಕಕ್ಕೆ ಸರಿಯಾಗಿ 10.23 ಆಗಿ ಕಾಣುತ್ತದೆ. 1977ರ ಜೂನ್‌ನಲ್ಲಿ ಎನ್‌ಟಿಎಸ್-2 ಅನ್ನುವ ಉಪಗ್ರಹದಲ್ಲಿ ಸೀಸಿಯಂ ಗಡಿಯಾರ ಕಳಿಸಿದಾಗ ಈ ತಿದ್ದುಪಡಿಗೆ ಒಂದು ಸ್ವಿಚ್ ಇಟ್ಟಿದ್ದರು. ಸುಮಾರು 20 ದಿನ ಅದನ್ನು ಆಫ್ ಇಟ್ಟೇ ಅಳೆದರು. ಲಕ್ಷ ಕೋಟಿಯಲ್ಲಿ 446.5 ಭಾಗ ಮುಂದೆ ಓಡಬೇಕು ಅಂತ ಲೆಕ್ಕವಿತ್ತು, ಅಳತೆಯಲ್ಲಿ ಬಂದದ್ದು 442.5. ನಂತರ ಸ್ವಿಚ್ ಆನ್ ಮಾಡಿದರು.

ಇಷ್ಟು ಕೆಲಸ ಮೇಲಿನವರೇ ಮಾಡಿ ಮುಗಿಸಿದ್ದಾರೆ. ನಾವು ನೆಲದ ಮೇಲೆ ಮಾಡಲೇಬೇಕಾದ ಇನ್ನೊಂದು ಭಾಗವಿದೆ, ಸ್ಥಾನವನ್ನು ನಿಜವಾಗಿ ಕೆಡಿಸುವುದು ಅದು. ಉಪಗ್ರಹದ ಕಕ್ಷೆ ಪೂರ್ತಿ ದುಂಡಗಿರುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ವೇಗ ಜಾಸ್ತಿ, ಗುರುತ್ವವೂ ಜಾಸ್ತಿ, ಎರಡೂ ಸೇರಿ ಗಡಿಯಾರ ನಿಧಾನ. ದೂರ ಹೋದಾಗ ತಿರುಗುಮುರುಗು. ಹಾಗಾಗಿ ಗಡಿಯಾರ ಪ್ರತಿ ಸುತ್ತಿನಲ್ಲೂ, ಅಂದರೆ ಸುಮಾರು 12 ಗಂಟೆಗೆ ಒಮ್ಮೆ, ಒಂದಿಷ್ಟು ಹಿಂದೆ ಬಿದ್ದು ಮತ್ತೆ ಮುಂದೆ ಬರುತ್ತದೆ. ಪ್ರತಿ ಉಪಗ್ರಹದ ಕಕ್ಷೆಯೂ ಬೇರೆ, ಅದು ಕಕ್ಷೆಯಲ್ಲಿ ಇರುವ ಜಾಗವೂ ಬೇರೆ. ಒಂದು ಹಿಂದೆ ಇರುವ ಹೊತ್ತಿಗೆ ಇನ್ನೊಂದು ಮುಂದೆ ಇರುತ್ತದೆ. ನಾಲ್ಕನೆಯ ಸಂಖ್ಯೆ ಇದನ್ನು ನುಂಗಲಾರದು.

ಲೆಕ್ಕ ಮಾತ್ರ ಸಣ್ಣದು:

```
F = -4.442807633e-10
dtr = F * e * sqrtA * sin(E)
dts = af0 + af1*t + af2*t**2 + dtr - TGD
```

`e` ಅಂದರೆ ಕಕ್ಷೆ ದುಂಡಗಿನಿಂದ ಎಷ್ಟು ಸರಿದಿದೆ ಅನ್ನುವ ಅಳತೆ. `sqrtA` ಕಕ್ಷೆಯ ಉದ್ದದ ಅರ್ಧದ ವರ್ಗಮೂಲ, `TGD` ಉಪಗ್ರಹದೊಳಗೇ ಸಿಗ್ನಲ್ ತಡವಾಗುವ ಹೊತ್ತು. ಇವೆಲ್ಲ ಉಪಗ್ರಹಗಳು ಕಳಿಸುವ ಸಂಖ್ಯೆಗಳನ್ನು ಬರೆದಿಡುವ ರೈನೆಕ್ಸ್ ನ್ಯಾವಿಗೇಷನ್ ಫೈಲಿನಲ್ಲಿ ಸಿಗುತ್ತವೆ. `t` ಅಂದರೆ ಅದೇ ಫೈಲಿನಲ್ಲಿರುವ ಗಡಿಯಾರದ ಗುರುತಿನ ಸಮಯದಿಂದ ಕಳೆದ ಸೆಕೆಂಡುಗಳು. `E` ಕಕ್ಷೆಯಲ್ಲಿ ಉಪಗ್ರಹ ಎಲ್ಲಿದೆ ಅನ್ನುವ ಕೋನ, ಸ್ಥಾನ ಲೆಕ್ಕ ಹಾಕುವಾಗ ಕೆಪ್ಲರ್ ಸಮೀಕರಣದಿಂದ ಹೇಗೂ ಬಂದಿರುತ್ತದೆ. `E` ರೇಡಿಯನ್‌ನಲ್ಲಿರಬೇಕು.

ಎರಡು ಉಪಗ್ರಹ ತೆಗೆದುಕೊಳ್ಳಿ. ಮೊದಲನೆಯದಕ್ಕೆ `e` 0.012, `sqrtA` 5153.6, `E` 64 ಡಿಗ್ರಿ. `dtr` ಬರುವುದು ಮೈನಸ್ 24.7 ನ್ಯಾನೊಸೆಕೆಂಡ್. ದೂರಕ್ಕೆ ತಿರುಗಿಸಿದರೆ 7.4 ಮೀಟರ್. ಎರಡನೆಯದಕ್ಕೆ `e` 0.009, `E` 250 ಡಿಗ್ರಿ ಇದ್ದರೆ ಪ್ಲಸ್ 19.4 ನ್ಯಾನೊಸೆಕೆಂಡ್, ಅಂದರೆ 5.8 ಮೀಟರ್ ಇನ್ನೊಂದು ಕಡೆಗೆ. ಎರಡರ ನಡುವೆ 13 ಮೀಟರ್ ಅಂತರ ಬಿತ್ತು. ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ ಇದ್ದರೆ ಸ್ಥಾನವನ್ನು ಸೀದಾ ಒಂದು ಕಡೆ ಎಳೆಯುತ್ತವೆ.

ಮಾಳಿಗೆಯ ಡೇಟಾದಲ್ಲಿ ಈ ಒಂದು ಸಾಲು ಆಫ್ ಮಾಡಿದೆ. ಎರಡು ಮೂರು ಮೀಟರ್ ಒಳಗೆ ಇರುತ್ತಿದ್ದ ಸ್ಥಾನ ಮೆಲ್ಲಗೆ ಅಲೆಯಲು ಶುರುವಾಯಿತು. ಕೆಲವೊಮ್ಮೆ 5 ಮೀಟರ್, ಕೆಲವೊಮ್ಮೆ 10ರ ಹತ್ತಿರ, ಎತ್ತರದಲ್ಲಿ ಇನ್ನೂ ಜಾಸ್ತಿ. ಒಂದು ಉಪಗ್ರಹ ಮುಳುಗಿ ಇನ್ನೊಂದು ಎದ್ದಾಗ ಸ್ಥಾನ ಜಿಗಿಯುತ್ತಿತ್ತು. ಹುಡುಗನಿಗೆ ಗ್ರಾಫ್ ತೋರಿಸಿದಾಗ "11 ಕಿಲೋಮೀಟರ್ ಹೋಗಿ 10 ಮೀಟರ್ ಆತಲ್ರಿ" ಅಂದ. ಹೌದು, ಆದರೆ ಈ 10 ಮೀಟರ್ ಹೊಲದ ಬದುವಿನ ಮೇಲೆ ನಿಂತಾಗ ಪಕ್ಕದವರ ಹೊಲದೊಳಗೆ ಕರೆದುಕೊಂಡು ಹೋಗುತ್ತದೆ.

ಬರೀ ಗ್ರಾಫ್ ನೋಡಿ ತಪ್ಪು ಇದೇ ಅಂತ ಹೇಗೆ ಗುರುತಿಸುವುದು? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ವಾತಾವರಣದ ಮೇಲ್ಪದರವಾದ ಅಯಾನುಗೋಳ ಸಿಗ್ನಲ್ ತಡಮಾಡುವುದರಿಂದ ಬರುವ ತಪ್ಪು ಸೂರ್ಯನನ್ನು ಹಿಂಬಾಲಿಸುತ್ತದೆ, ಮಧ್ಯಾಹ್ನ 2 ಗಂಟೆ ಸುಮಾರಿಗೆ ಜೋರು, ದಿನಾ ಅದೇ ಹೊತ್ತಿಗೆ. ಕಕ್ಷೆಯಿಂದ ಬರುವ ತಪ್ಪು ಉಪಗ್ರಹವನ್ನು ಹಿಂಬಾಲಿಸುತ್ತದೆ, ಜಿಪಿಎಸ್ ಉಪಗ್ರಹಗಳ ಅದೇ ನೋಟ ಮರುದಿನ ಸುಮಾರು 4 ನಿಮಿಷ ಮೊದಲೇ ಬರುತ್ತದೆ. ಎರಡು ದಿನದ ಗ್ರಾಫ್ ಒಂದರ ಮೇಲೊಂದು ಇಟ್ಟು, ಒಂದನ್ನು 4 ನಿಮಿಷ ಸರಿಸಿದಾಗ ಅಲೆ ಕೂಡಿದರೆ ಅದು ಉಪಗ್ರಹದ ಕಡೆಯದು. ಗೋಡೆ, ನೀರಿನ ಟ್ಯಾಂಕ್‌ಗೆ ಬಡಿದು ಬರುವ ಸಿಗ್ನಲ್ ಕೂಡ ಹೀಗೇ 4 ನಿಮಿಷ ಸರಿಯುತ್ತದೆ ಅನ್ನುವುದು ನೆನಪಿರಲಿ, ಆದರೆ ಅದರ ಏರಿಳಿತ ನಿಮಿಷಗಳಲ್ಲಿ ಮುಗಿಯುತ್ತದೆ, ಇದರದು ಗಂಟೆಗಟ್ಟಲೆ ಇರುತ್ತದೆ. ಇನ್ನೊಂದು ಸುಳಿವು: `F`ನ ಮೈನಸ್ ಚಿಹ್ನೆ ಬಿಟ್ಟುಹೋದರೆ ತಪ್ಪು ಇದ್ದದ್ದರ ಎರಡರಷ್ಟಾಗುತ್ತದೆ. ಈ ಸಾಲು ಸೇರಿಸಿದ ಮೇಲೆ ಅಲೆ ದೊಡ್ಡದಾದರೆ ಮೊದಲು ಚಿಹ್ನೆ ನೋಡಿ.

ಪರೀಕ್ಷೆ ಮಾಡುವಾಗ ಭೂಮಿ ತಿರುಗುವ ತಿದ್ದುಪಡಿಯನ್ನು ಆನ್ ಇಟ್ಟಿರಬೇಕು. ಸಿಗ್ನಲ್ ಕೆಳಗೆ ಬರುವ ಸುಮಾರು 0.075 ಸೆಕೆಂಡಿನಲ್ಲಿ ಕಲಬುರಗಿ ಪೂರ್ವಕ್ಕೆ ಸುಮಾರು 33 ಮೀಟರ್ ಸರಿದಿರುತ್ತದೆ. ಇದನ್ನು ಬಿಟ್ಟರೆ ಸ್ಥಾನವೂ ಪೂರ್ವಕ್ಕೆ ಹತ್ತಿರ ಹತ್ತಿರ ಅಷ್ಟೇ ಓಡುತ್ತದೆ, ಉಳಿದ ತಪ್ಪುಗಳೆಲ್ಲ ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ.

ಸರ್ವೆಯವರಿಗೆ ಒಂದು ಮಾತು. ನಾವು ದಿನಾ ಮಾಡುವ ಡಿಜಿಪಿಎಸ್, ಆರ್‌ಟಿಕೆ ಕೆಲಸದಲ್ಲಿ ಬೇಸ್ ಮತ್ತು ರೋವರ್ ಎರಡೂ ಅದೇ ಉಪಗ್ರಹವನ್ನು ನೋಡುತ್ತವೆ. ಉಪಗ್ರಹದ ಗಡಿಯಾರದ ತಪ್ಪು ಎರಡರಲ್ಲೂ ಒಂದೇ, ಕಳೆದಾಗ ಹೋಗಿಬಿಡುತ್ತದೆ, ಈ ಕಕ್ಷೆಯ ಭಾಗವೂ ಸೇರಿ. ಅದೇ ಮಾಳಿಗೆಯ ಡೇಟಾವನ್ನು ಬೇಸ್ ಜೊತೆ ಲೆಕ್ಕ ಹಾಕಿ `dtr` ಆಫ್ ಮಾಡಿದರೆ ಎದ್ದುಕಾಣುವ ವ್ಯತ್ಯಾಸ ಏನೂ ಬರಲಿಲ್ಲ. ಇದು ಬೇಕಾಗುವುದು ಒಂಟಿ ರಿಸೀವರ್ ಸ್ಥಾನ ಹುಡುಕುವಾಗ, ನಿಮ್ಮ ಫೋನ್ ಮಾಡುವಂತೆ.

ಕಕ್ಷೆ ಜಾಸ್ತಿ ಉದ್ದವಾದರೆ ಏನಾಗುತ್ತದೆ ಅನ್ನುವುದಕ್ಕೆ ನಿಜವಾದ ಉದಾಹರಣೆಯೂ ಇದೆ. 2014ರ ಆಗಸ್ಟ್‌ನಲ್ಲಿ ಯುರೋಪಿನ ಎರಡು ಗೆಲಿಲಿಯೊ ಉಪಗ್ರಹಗಳು ತಪ್ಪು ಕಕ್ಷೆಗೆ ಹೋಗಿ ಬಿದ್ದವು. ನಂತರ ಸಾಧ್ಯವಾದಷ್ಟು ಸರಿಮಾಡಿದರೂ `e` ಸುಮಾರು 0.16 ಉಳಿಯಿತು. ಅವುಗಳ ಗಡಿಯಾರ ಸುಮಾರು 370 ನ್ಯಾನೊಸೆಕೆಂಡ್ ಹಿಂದೆ ಮುಂದೆ ತೂಗುತ್ತದೆ, ದೂರದಲ್ಲಿ 110 ಮೀಟರ್. ಆ ತೂಗಾಟವನ್ನೇ ವರ್ಷಗಟ್ಟಲೆ ಅಳೆದು 2018ರಲ್ಲಿ ವಿಜ್ಞಾನಿಗಳು ಗುರುತ್ವದಿಂದ ಗಡಿಯಾರ ಬದಲಾಗುವುದನ್ನು 1976ರ ರಾಕೆಟ್ ಪ್ರಯೋಗಕ್ಕಿಂತ ಸುಮಾರು ಐದು ಪಟ್ಟು ನಿಖರವಾಗಿ ಪರೀಕ್ಷಿಸಿದರು.

ನೀವೂ ಬರೆದು ನೋಡುವುದಾದರೆ ಜಿಪಿಎಸ್ ಮಾತ್ರ ಇಟ್ಟುಕೊಂಡು ಶುರುಮಾಡಿ. ರಷ್ಯಾದ ಗ್ಲೊನಾಸ್ ಸೇರಿಸಿದಾಗ ಆ ಉಪಗ್ರಹಗಳಿಗೆ ಈ ಸಾಲು ಹಾಕಬೇಡಿ, ಅವರು ಕಳಿಸುವ ಗಡಿಯಾರದ ಸಂಖ್ಯೆಗಳಲ್ಲೇ ಅದು ಸೇರಿರುತ್ತದೆ. ಹಾಕಿದರೆ ಎರಡು ಸಲ ತಿದ್ದಿದಂತಾಗುತ್ತದೆ. ನಿಖರ ಕಕ್ಷೆಯ `SP3` ಫೈಲ್ ಬಳಸುವಾಗ ಮಾತ್ರ ಉಲ್ಟಾ: ಅಲ್ಲಿ `e`, `E` ಇರುವುದಿಲ್ಲ, ತಿದ್ದುಪಡಿಯೂ ಸೇರಿರುವುದಿಲ್ಲ. ಉಪಗ್ರಹದ ಸ್ಥಾನ `r`, ವೇಗ `v` ತೆಗೆದುಕೊಂಡು `-2*dot(r,v)/c**2` ಅಂತ ನೀವೇ ಹಾಕಬೇಕು. ಎರಡೂ ದಾರಿಯಲ್ಲಿ ಒಂದೇ ಉಪಗ್ರಹಕ್ಕೆ ಲೆಕ್ಕ ಹಾಕಿ ನೋಡಿ, ನ್ಯಾನೊಸೆಕೆಂಡಿನ ಸಣ್ಣ ಭಾಗದೊಳಗೆ ಹೊಂದಿದರೆ ನಿಮ್ಮ ಕೋಡ್ ಸರಿಯಿದೆ.