ಫೋನಿನಲ್ಲಿ ಓದುವವರಿಗೆ ಇಮೇಲ್: ಉದ್ದದ ಪತ್ರವನ್ನು ಚಿಕ್ಕದು ಮಾಡುವುದು ಹೇಗೆ?

ನಮ್ಮ ಅಪಾರ್ಟ್‌ಮೆಂಟ್ ಸಂಘದ ಇಮೇಲ್‌ಗಳನ್ನು ಬರೆಯುವುದು ನಾನೇ. ಒಮ್ಮೆ ನೀರಿನ ಟ್ಯಾಂಕ್ ತೊಳೆಸುವ ವಿಷಯ ಎಲ್ಲರಿಗೂ ಕಳಿಸಿದ್ದೆ. ಆದರೂ ಶನಿವಾರ ಬೆಳಿಗ್ಗೆ ಫೋನ್ ಮೇಲೆ ಫೋನ್. "ನಲ್ಲೀಲಿ ನೀರೇ ಬರ್ತಿಲ್ಲ ಸಾರ್, ಮೊದಲೇ ಹೇಳ್ಬಾರ್ದಾ?" ಹೇಳಿದ್ದೆ, ಆದರೆ ಹನ್ನೊಂದನೇ ಸಾಲಿನಲ್ಲಿ.

ಆ ಮೇಲ್ ಶುರುವಾಗಿದ್ದು ಹೀಗೆ: "ಮಾನ್ಯ ನಿವಾಸಿಗಳೇ, ಕಳೆದ ತಿಂಗಳ ಸಭೆಯಲ್ಲಿ ಚರ್ಚಿಸಿದಂತೆ, ಮಳೆಗಾಲಕ್ಕೂ ಮುನ್ನ..." ಕಂಪ್ಯೂಟರಿನಲ್ಲಿ ಐದೇ ಸಾಲಿನ ಪ್ಯಾರಾ. ಫೋನಿನಲ್ಲಿ ಅದೇ ಹನ್ನೆರಡು ಸಾಲಾಗಿ ಪರದೆ ತುಂಬಿಕೊಂಡಿತ್ತು.

ಅದನ್ನು ತಿದ್ದಿದ್ದು ಹೀಗೆ. ಮೊದಲು, ಓದಿದವರು ಏನು ಮಾಡಬೇಕು, ಯಾವಾಗ ಮಾಡಬೇಕು ಅನ್ನುವುದನ್ನು ಬೇರೆ ಕಾಗದದಲ್ಲಿ ಬರೆದುಕೊಂಡೆ. ಎರಡು ವಾಕ್ಯ ಸಾಕಾಯಿತು. ಅವೇ ಇಮೇಲ್‌ನ ಮೊದಲ ಸಾಲುಗಳಾದವು:

"ನಮಸ್ಕಾರ. ಶನಿವಾರ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೀರು ಬರುವುದಿಲ್ಲ. ಶುಕ್ರವಾರ ರಾತ್ರಿಯೇ ತುಂಬಿಟ್ಟುಕೊಳ್ಳಿ."

ನಮಸ್ಕಾರವನ್ನು ಇಷ್ಟು ಚಿಕ್ಕದಾಗಿ ಇಟ್ಟಿದ್ದಕ್ಕೆ ಕಾರಣ ಇದೆ. ಮೇಲ್ ತೆರೆಯುವ ಮೊದಲೇ ಇನ್‌ಬಾಕ್ಸಿನಲ್ಲಿ ವಿಷಯದ ಸಾಲಿನ ಕೆಳಗೆ ಪತ್ರದ ಮೊದಲ ಕೆಲವು ಪದಗಳು ಕಾಣುತ್ತವೆ. ಉದ್ದದ ಸಂಬೋಧನೆ ಆ ಜಾಗವನ್ನೆಲ್ಲ ತಿಂದುಬಿಡುತ್ತದೆ. ವಿಷಯದ ಸಾಲಿನ ಬಾಲವನ್ನೂ ಫೋನ್ ಕತ್ತರಿಸುತ್ತದೆ. ಹಾಗಾಗಿ "ಟ್ಯಾಂಕ್ ಸ್ವಚ್ಛತೆಯ ಕುರಿತು ಪ್ರಮುಖ ಸೂಚನೆ" ಹೋಗಿ "ಶನಿವಾರ 9ರಿಂದ 4 ನೀರಿಲ್ಲ" ಬಂತು.

ಆಮೇಲೆ ಪ್ಯಾರಾ ಒಡೆಯುವ ಕೆಲಸ. ಒಂದು ಪ್ಯಾರಾಕ್ಕೆ ಒಂದೇ ವಿಷಯ, ಎರಡು ಮೂರು ವಾಕ್ಯ. ನಡುವೆ ಒಂದು ಖಾಲಿ ಸಾಲು. ಕಂಪ್ಯೂಟರಿನಲ್ಲಿ ಚೆಂದ ಕಾಣಲಿ ಎಂದು ವಾಕ್ಯದ ಮಧ್ಯೆ ಎಂಟರ್ ಒತ್ತಬೇಡಿ. ಫೋನಿನಲ್ಲಿ ಸಾಲುಗಳು ಅರ್ಧರ್ಧ ತುಂಡಾಗಿ ಕಾಣುತ್ತವೆ. ಹಾಗಂತ ಪ್ರತಿ ವಾಕ್ಯವನ್ನೂ ಒಂಟಿ ಮಾಡಿದರೆ ಓದುವವರಿಗೆ ಎಳೆ ತಪ್ಪುತ್ತದೆ. ಕಾರಣ ಮತ್ತು ಪರಿಣಾಮ ಒಟ್ಟಿಗೇ ಇರಲಿ.

ಸಭೆಯ ಚರ್ಚೆ, ಟ್ಯಾಂಕ್ ತೊಳೆಯುವವರನ್ನು ಆರಿಸಿದ ಕಥೆ ಎಲ್ಲ ತೆಗೆದೆ. ಖರ್ಚಿನ ವಿವರ ಕೊನೆಯ ಪ್ಯಾರಾಕ್ಕೆ ಹೋಯಿತು. ಆದರೆ ಕತ್ತರಿಸುವ ಭರದಲ್ಲಿ "4 ಗಂಟೆಯ ನಂತರ ಮೊದಲು ಕೆಸರು ನೀರು ಬರಬಹುದು, ಸ್ವಲ್ಪ ಹೊತ್ತು ಹರಿಯಲು ಬಿಡಿ" ಎಂಬುದೂ ಹಾರಿಹೋಗಿತ್ತು. ಮತ್ತೆ ಸೇರಿಸಿದೆ. ಓದುವವರ ಕೈಯಲ್ಲಿ ಕೆಲಸ ಮಾಡಿಸುವ ಮಾತನ್ನು ತೆಗೆಯಬಾರದು.

ಎಲ್ಲರಿಗೂ ಕಳಿಸುವ ಮುಂಚೆ ನಿಮಗೇ ಒಂದು ಪ್ರತಿ ಕಳಿಸಿಕೊಳ್ಳಿ. ಮನೆಯ ಹಿರಿಯರು ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿರುತ್ತಾರೆ ಅಲ್ವಾ? ಸಾಧ್ಯವಾದರೆ ಅವರ ಫೋನಿನಲ್ಲೇ ತೆರೆದು ನೋಡಿ. ಬೆರಳಾಡಿಸದೆ ದಿನ, ಸಮಯ, ಮಾಡಬೇಕಾದ ಕೆಲಸ ಮೂರೂ ಕಂಡರೆ ಕಳಿಸಿ. ಕಾಣದಿದ್ದರೆ ಪತ್ರದ ಆರಂಭದಿಂದಲೇ ಇನ್ನೊಂದು ವಾಕ್ಯ ತೆಗೆಯಿರಿ.